ಮೊದಲು ಸೆಕ್ಷನ್, ಆಮೇಲೆ ಎಲಿವೇಷನ್: ಮನೆ ಕಟ್ಟಿಸುವವರಿಗೆ ನಕ್ಷೆ ಓದಿಸುವ ಬಗೆ

ನಕ್ಷೆಯನ್ನು ಮೇಜಿನ ಮೇಲೆ ಹರಡಿ ಹತ್ತು ನಿಮಿಷ ವಿವರಿಸಿದ ಮೇಲೆ ಎದುರಿಗೆ ಕುಳಿತವರು "ಚೆನ್ನಾಗಿದೆ ಸರ್, ನೀವು ಹೇಗೆ ಹೇಳುತ್ತೀರೋ ಹಾಗೆ" ಎಂದು ತಲೆಯಾಡಿಸಿದರೆ, ಅವರಿಗೆ ಏನೂ ಅರ್ಥವಾಗಿಲ್ಲ ಎಂದೇ ನಾನು ತಿಳಿಯುತ್ತೇನೆ. ಅರ್ಥವಾದವರು ಸುಮ್ಮನೆ ಒಪ್ಪುವುದಿಲ್ಲ. ಬೆರಳಿಟ್ಟು ಏನನ್ನಾದರೂ ಕೇಳುತ್ತಾರೆ, ಇಲ್ಲವೇ ತಕರಾರು ತೆಗೆಯುತ್ತಾರೆ. ಆ ತಕರಾರು ಕಾಗದದ ಮೇಲೆ ಬಂದರೆ ರಬ್ಬರಿನಲ್ಲಿ ಅಳಿಸಬಹುದು, ಮೋಲ್ಡ್ ಹಾಕಿದ ಮೇಲೆ ಬಂದರೆ ಡ್ರಿಲ್ ತರಿಸಬೇಕಾಗುತ್ತದೆ.

ಪ್ಲಾನ್ ಅನ್ನು ನಮ್ಮ ಜನ ಹೇಗೋ ಓದಿಕೊಳ್ಳುತ್ತಾರೆ. ವಾಸ್ತು ನೋಡುವ ಅಭ್ಯಾಸದಿಂದ ದಿಕ್ಕು ಗೊತ್ತು, ಕೋಣೆಗಳನ್ನು ಎಣಿಸುತ್ತಾರೆ, ಅಳತೆಯನ್ನು ಗುಣಿಸಿ ಎಷ್ಟು ಚದರ ಎಂದು ಲೆಕ್ಕ ಹಾಕುತ್ತಾರೆ. ತೊಡಕು ಇರುವುದು ಮನೆಯನ್ನು ಹೊರಗಿನಿಂದ ನೇರವಾಗಿ ನೋಡಿ ಬರೆದ ಎಲಿವೇಷನ್ ಮತ್ತು ಮೇಲಿನಿಂದ ಕೆಳಕ್ಕೆ ಕೊಯ್ದು ಬರೆದ ಸೆಕ್ಷನ್‌ಗಳಲ್ಲಿ. ಎಲಿವೇಷನ್ ಎಂದರೆ ಬಣ್ಣ ಬಣ್ಣದ ತ್ರೀಡಿ ಚಿತ್ರ ಎಂಬುದು ಹೆಚ್ಚಿನವರ ತಿಳಿವಳಿಕೆ. ಸೆಕ್ಷನ್ ಎಂದರೆ ಪಾಲಿಕೆಗೆ ಕೊಡಲು ಎಂಜಿನಿಯರು ಹಾಕುವ, ತಮಗೆ ಸಂಬಂಧವಿಲ್ಲದ ಏನೋ ಒಂದು. ಮನೆಯೊಳಗೆ ನಿಂತಾಗ ತಲೆಗೆ ಏನು ತಾಗುತ್ತದೆ, ಕುಳಿತಾಗ ಕಣ್ಣಿಗೆ ಏನು ಕಾಣುತ್ತದೆ ಎನ್ನುವುದೆಲ್ಲ ಅದರಲ್ಲೇ ಇದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿಗೆ ಹೀಗೆ ನಕ್ಷೆ ಓದಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ. 30/40 ನಿವೇಶನ, ಉತ್ತರಕ್ಕೆ 30 ಅಡಿಯ ರಸ್ತೆ, ಮುಂದೆ 4 ಅಡಿ ಮತ್ತು ಹಿಂದೆ 6 ಅಡಿ ಬಿಟ್ಟು ಕಟ್ಟುವ ಎರಡು ಅಂತಸ್ತಿನ ಮನೆ. ಬೇರೆಲ್ಲೋ ಬರೆಸಿದ್ದ ಒಂದು ಪ್ಲಾನ್ ಅವರ ಕೈಯಲ್ಲಿತ್ತು. ಅದರ ಮೇಲೆ ನಾನು ಸೆಕ್ಷನ್ ಮತ್ತು ಎಲಿವೇಷನ್ ಬರೆದು ಅವರನ್ನು ಕರೆದಿದ್ದೆ.

ಕರೆಯುವ ಮೊದಲು

ಪಾಲಿಕೆಗೆ ಕೊಡುವ ನಕ್ಷೆ ಸಾಮಾನ್ಯವಾಗಿ 1:100 ಅಳತೆಯಲ್ಲಿ ಇರುತ್ತದೆ. ಅಂದರೆ ಒಂದು ಮೀಟರ್ ಗೋಡೆ ಕಾಗದದ ಮೇಲೆ ಒಂದು ಸೆಂಟಿಮೀಟರ್. ಅದನ್ನೇ ಮನೆಯವರ ಮುಂದೆ ಇಡಬೇಡಿ. ಪ್ಲಾನ್, ಸೆಕ್ಷನ್, ಎಲಿವೇಷನ್ ಮೂರನ್ನೂ 1:50ರಲ್ಲಿ, ಒಂದೊಂದನ್ನು ಒಂದೊಂದು ಎ3 ಹಾಳೆಯ ಮೇಲೆ ಮುದ್ರಿಸಿ. ಮೂರೂ ಒಂದೇ ಅಳತೆಯಲ್ಲಿರಬೇಕು ಎನ್ನುವುದು ಮುಖ್ಯ, ಏಕೆಂದರೆ ಮುಂದೆ ಅವನ್ನು ಒಂದಕ್ಕೊಂದು ಹೊಂದಿಸಿ ತೋರಿಸಲಿದ್ದೇವೆ. ಮುದ್ರಣ ಯಂತ್ರ ಹಾಳೆಗೆ ತಕ್ಕಂತೆ ಚಿತ್ರವನ್ನು ಕುಗ್ಗಿಸಿಬಿಡುವುದುಂಟು. ಅದಕ್ಕೇ ಹಾಳೆ ಹೊರಬಂದ ತಕ್ಷಣ ಅಡಿಕೋಲು ಇಟ್ಟು ನೋಡಿ: 10 ಅಡಿ ಎಂದು ಬರೆದಿರುವ ಗೋಡೆ 6.1 ಸೆಂಟಿಮೀಟರ್ ಬರಬೇಕು. ಮೊಬೈಲಿಗೆ ಕಳುಹಿಸಿ ಬೆರಳಿನಿಂದ ಹಿಗ್ಗಿಸಿ ನೋಡಿದರೆ ಈ ಅಳತೆ ಎಂಬುದೇ ಇರುವುದಿಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ಕಳುಹಿಸಿ ಎಂದರೆ ಕಳುಹಿಸೋಣ, ಆದರೆ ಮೊದಲ ಓದು ಕಾಗದದ ಮೇಲೇ ಆಗಲಿ.

ಅಳತೆಗಳನ್ನು ಮಿಲಿಮೀಟರಿನಲ್ಲಿ ಬರೆದಿದ್ದರೆ ಪಕ್ಕದಲ್ಲಿ ಪೆನ್ಸಿಲಿನಿಂದ ಅಡಿ ಮತ್ತು ಇಂಚು ಬರೆದಿಡಿ. ನಮ್ಮಲ್ಲಿ ಯಾರೂ ತಮ್ಮ ಮನೆಯ ಬಾಗಿಲು 2100 ಎಂದು ನೆನಪಿಟ್ಟುಕೊಳ್ಳುವುದಿಲ್ಲ, ಏಳು ಅಡಿ ಎಂದೇ ಹೇಳುತ್ತಾರೆ. ಇನ್ನೊಂದು ಸಣ್ಣ ಕೆಲಸವನ್ನು ಮನೆಯವರಿಗೆ ಮುಂಚೆಯೇ ಹೇಳಬೇಕು. ಈಗ ವಾಸವಿರುವ ಮನೆಯಲ್ಲಿ ನೆಲದಿಂದ ಚಾವಣಿಗೆ, ನೆಲದಿಂದ ಕಿಟಕಿಯ ಕಟ್ಟೆಗೆ, ಅಡುಗೆ ಕಟ್ಟೆಗೆ ಎಷ್ಟೆಷ್ಟು ಎತ್ತರ ಎಂದು ಟೇಪು ಹಿಡಿದು ಬರೆದು ತರಲಿ. ಹೊಸ ಮನೆಯ ಪ್ರತಿಯೊಂದು ಅಂಕಿಯನ್ನೂ ಅವರು ಹೋಲಿಸಿ ನೋಡುವುದು ಆ ಚೀಟಿಯ ಜೊತೆಗೆ.

ಪಪ್ಪಾಯಿ ಎರಡು ಸಲ ಕತ್ತರಿಸಿದಂತೆ

ಎಲಿವೇಷನ್ ಅನ್ನು ಮೊದಲು ತೋರಿಸಬಾರದು. ಅದನ್ನು ನೋಡಿದರೆ ಮನಸ್ಸು ಮನೆಯ ಮುಂಭಾಗದ ಚೆಂದಕ್ಕೆ ಹೋಗಿಬಿಡುತ್ತದೆ, ಆಮೇಲೆ ಸೆಕ್ಷನ್ ತೆಗೆದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದನ್ನು ಚೀಲದಲ್ಲೇ ಇಟ್ಟುಕೊಳ್ಳಿ.

ಮಾತು ಆರಂಭವಾಗಬೇಕಾದ್ದು ಅವರಿಗೆ ಗೊತ್ತಿರುವ ಪ್ಲಾನ್‌ನಿಂದ. ಪ್ಲಾನ್ ಕೂಡ ಒಂದು ಕೊಯ್ತವೇ ಎನ್ನುವುದು ಬಹಳ ಜನರಿಗೆ ಹೊಸ ವಿಷಯ. ಮನೆಯನ್ನು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಅಡ್ಡಕ್ಕೆ ಕೊಯ್ದು, ಮೇಲಿನ ಭಾಗವನ್ನು ಎತ್ತಿಟ್ಟು, ಬಗ್ಗಿ ಒಳಗೆ ನೋಡಿದರೆ ಕಾಣುವುದು ಪ್ಲಾನ್. ಅದಕ್ಕೇ ಅದರಲ್ಲಿ ಕಿಟಕಿ, ಬಾಗಿಲುಗಳು ಗೋಡೆಯ ನಡುವಿನ ಕಂಡಿಗಳಾಗಿ ಕಾಣುತ್ತವೆ. ಸೆಕ್ಷನ್‌ನಲ್ಲಿ ಕತ್ತಿ ಅದೇ, ದಿಕ್ಕು ಬೇರೆ. ಮೇಲಿನಿಂದ ಕೆಳಕ್ಕೆ, ಪ್ಯಾರಾಪೆಟ್‌ನಿಂದ ಪಾಯದವರೆಗೆ ಕೊಯ್ದು, ಒಂದು ಹೋಳನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಹೋಳಿನ ಮುಖವನ್ನು ನೋಡುವುದು.

ಮೇಷ್ಟ್ರ ಪತ್ನಿ ಇದನ್ನು ಕೇಳಿದ ಕೂಡಲೇ "ಪಪ್ಪಾಯಿಯನ್ನು ಅಡ್ಡಕ್ಕೂ ಹೆಚ್ಚಬಹುದು, ಉದ್ದಕ್ಕೂ ಹೆಚ್ಚಬಹುದು, ಹಾಗೇ ತಾನೆ?" ಎಂದರು. ಅಂದಿನಿಂದ ನಾನು ಆ ಹಣ್ಣನ್ನು ಬಿಟ್ಟಿಲ್ಲ. ಹೋಳಿನ ಅಂಚಿನಲ್ಲಿ ಕತ್ತಿ ತಾಗಿದ ತಿರುಳು ಇರುತ್ತದೆ, ನಡುವಿನ ಪೊಳ್ಳಿನಲ್ಲಿ ಕತ್ತಿ ತಾಗದ ಬೀಜಗಳು ಹಿಂದೆ ಕಾಣುತ್ತವೆ. ಸೆಕ್ಷನ್‌ನಲ್ಲಿಯೂ ಎರಡೇ ಬಗೆಯ ಗೆರೆಗಳು. ಕತ್ತಿ ತಾಗಿದ ಗೋಡೆ, ಸ್ಲ್ಯಾಬು, ಮೆಟ್ಟಿಲು, ಪಾಯ ಇವೆಲ್ಲ ದಪ್ಪ ಗೆರೆಯಲ್ಲಿ, ಒಳಗೆ ತುಂಬಿಸಿದಂತೆ ಇರುತ್ತವೆ. ಕೊಯ್ತದ ಆಚೆ ನಿಂತು ಕಾಣುವ ಬಾಗಿಲು, ಕಿಟಕಿ, ಎದುರಿನ ಗೋಡೆ ತೆಳು ಗೆರೆಯಲ್ಲಿ ಇರುತ್ತವೆ.

ಹಾಳೆಯನ್ನು ಮಡಚಿ

ಕೊಯ್ದದ್ದು ಎಲ್ಲಿ? ಪ್ಲಾನ್ ಮೇಲೆ ಒಂದು ತುಂಡು ಗೆರೆ ಎಳೆದು ಎರಡು ತುದಿಗೂ A ಎಂದು ಬರೆದಿರುತ್ತದೆ, ಜೊತೆಗೆ ಎರಡು ಬಾಣಗಳು. ಕತ್ತಿ ಹೋದ ದಾರಿ ಆ ಗೆರೆ. ಬಾಣ ತೋರಿಸುವ ಕಡೆಗೆ ಮುಖ ಮಾಡಿ ನಾವು ನಿಂತಿದ್ದೇವೆ. ಇಷ್ಟನ್ನು ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ, ಮಾಡಿ ತೋರಿಸಬೇಕು.

ಪ್ಲಾನ್ ಹಾಳೆಯನ್ನು ಆ ಗೆರೆಯ ಗುಂಟ ಮಡಚಿ. ಬಾಣ ತೋರಿಸುವ ಅರ್ಧ ಮೇಲೆ ಉಳಿಯಲಿ, ನಮ್ಮ ಬೆನ್ನ ಹಿಂದಿನ ಅರ್ಧ ಕೆಳಕ್ಕೆ ಹೋಗಲಿ. ಮಡಿಕೆ ಮನೆಯವರ ಹೊಟ್ಟೆಯ ಕಡೆಗೆ, ಉಳಿದ ಮನೆ ಅವರಿಂದ ಆಚೆಗೆ ಇರುವಂತೆ ಹಾಳೆಯನ್ನು ತಿರುಗಿಸಿ. ಈಗ ಸೆಕ್ಷನ್ ಹಾಳೆಯನ್ನು ಮಡಿಕೆಯ ಮೇಲೆ ನೆಟ್ಟಗೆ, ಗೋಡೆಯಂತೆ ಹಿಡಿಯಿರಿ. ಎರಡೂ ಒಂದೇ ಅಳತೆಯಲ್ಲಿರುವುದರಿಂದ ಪ್ಲಾನಿನ ಪ್ರತಿ ಗೋಡೆಯೂ ಸೆಕ್ಷನ್ನಿನ ತನ್ನ ಗೋಡೆಯ ಬುಡಕ್ಕೆ ಸರಿಯಾಗಿ ಬಂದು ಕೂಡುತ್ತದೆ. ಮೇಷ್ಟ್ರ ಮನೆಯಲ್ಲಿ ಕೊಯ್ತ ಉತ್ತರದಿಂದ ದಕ್ಷಿಣಕ್ಕೆ ಹೋಗಿತ್ತು, ನೋಟ ಪೂರ್ವಕ್ಕೆ. ಆದ್ದರಿಂದ ಎಡಕ್ಕೆ ರಸ್ತೆ, ನಡುವೆ ಹಜಾರ ಮತ್ತು ಮೆಟ್ಟಿಲು, ಬಲಕ್ಕೆ ಊಟದ ಮನೆ ಮತ್ತು ಹಿತ್ತಲು. ಈಶಾನ್ಯದ ಪೋರ್ಟಿಕೋ ಕೊಯ್ತದ ಆಚೆ ಇರುವುದರಿಂದ ತೆಳು ಗೆರೆಯಲ್ಲಿ ಕಂಡಿತು.

ಗೆರೆ ಒಂದು ಕಡೆ ಮುರಿದು ಪಕ್ಕಕ್ಕೆ ಸರಿದಿರುತ್ತದೆ. "ಇದೇನು, ಕತ್ತಿ ಜಾರಿತೇ?" ಎಂದು ಮೇಷ್ಟ್ರು ಕೇಳಿದರು. ಜಾರಿದ್ದಲ್ಲ, ಬೇಕೆಂದೇ ಸರಿಸಿದ್ದು. ಮೆಟ್ಟಿಲನ್ನೂ ಕೊಯ್ಯಬೇಕು, ಊಟದ ಮನೆಯ ಕಿಟಕಿಯನ್ನೂ ಕೊಯ್ಯಬೇಕು, ಅವೆರಡೂ ಒಂದೇ ಸಾಲಿನಲ್ಲಿ ಇರಲಿಲ್ಲ. ಮಡಚುವಾಗ ಮಾತ್ರ ದೊಡ್ಡ ತುಂಡನ್ನು ಹಿಡಿದು ಮಡಚಿದರೆ ಸಾಕು. ನಕ್ಷೆ ಬರೆಸುವವರು ಗಮನಿಸಬೇಕಾದ ಮಾತೊಂದು ಇಲ್ಲಿದೆ. ಅವಸರದಲ್ಲಿ ಬರೆದ ಎಷ್ಟೋ ನಕ್ಷೆಗಳಲ್ಲಿ ಕೊಯ್ತ ಖಾಲಿ ಕೋಣೆಗಳ ನಡುವೆ ಹೋಗಿರುತ್ತದೆ, ಏಕೆಂದರೆ ಅಲ್ಲಿ ಬರೆಯುವುದು ಸುಲಭ. ಮೆಟ್ಟಿಲು, ಶೌಚಾಲಯ, ನೀವು ಹೆಚ್ಚು ಹೊತ್ತು ಕೂರುವ ಕೋಣೆಯ ಕಿಟಕಿ ಈ ಮೂರನ್ನು ಮುಟ್ಟದ ಸೆಕ್ಷನ್ ನಿಮಗೆ ಏನನ್ನೂ ಹೇಳುವುದಿಲ್ಲ. ಇನ್ನೊಂದನ್ನು ಕೇಳಿ ಬರೆಸಿಕೊಳ್ಳಿ.

ಆಮೇಲೆ ಕೆಂಪು ಪೆನ್ಸಿಲನ್ನು ಮನೆಯವರ ಕೈಗೇ ಕೊಡಿ. ಸೆಕ್ಷನ್‌ನಲ್ಲಿ ಕತ್ತಿ ತಾಗಿದ್ದಕ್ಕೆಲ್ಲ ಅವರೇ ಬಣ್ಣ ತುಂಬಲಿ. ಎಲ್ಲಿ ತಪ್ಪುತ್ತಾರೋ ಅಲ್ಲಿ ಅವರಿಗೆ ಅರ್ಥವಾಗಿಲ್ಲ ಎಂದು ನಮಗೆ ತಿಳಿಯುತ್ತದೆ. ಹೆಚ್ಚಿನವರು ಕೊಯ್ತದ ಆಚೆ ಕಾಣುವ ಬಾಗಿಲಿಗೂ ಬಣ್ಣ ತುಂಬುತ್ತಾರೆ. ಆಗ ಮತ್ತೆ ಮಡಚಿದ ಪ್ಲಾನ್ ತೋರಿಸಿ, ಮಡಿಕೆ ಆ ಬಾಗಿಲನ್ನು ದಾಟಿದೆಯೇ ಎಂದು ಕೇಳಿದರೆ ಸಾಕು, ತಾವೇ ತಿದ್ದಿಕೊಳ್ಳುತ್ತಾರೆ.

ರಸ್ತೆಯಿಂದ ಮೇಲಕ್ಕೆ

ಬಣ್ಣ ತುಂಬಿದ ಮೇಲೆ ಅಂಚಿನಲ್ಲಿ ಬರೆದ ಅಂಕಿಗಳನ್ನು ಓದಬೇಕು. ಅವೆಲ್ಲ ಒಂದೇ ಕಡೆಯಿಂದ ಅಳೆದ ಎತ್ತರಗಳು. ಆ ಸೊನ್ನೆ ಎಲ್ಲಿದೆ ಎಂದು ಮೊದಲು ಕೇಳಿ. ರಸ್ತೆಯ ಮಟ್ಟವೋ, ನಿವೇಶನದ ಮಣ್ಣಿನ ಮಟ್ಟವೋ? ನಿವೇಶನ ರಸ್ತೆಗಿಂತ ಒಂದು ಅಡಿ ತಗ್ಗಿನಲ್ಲಿದ್ದು, ಎರಡು ಅಡಿ ಪಾಯವನ್ನು ಮಣ್ಣಿನಿಂದ ಅಳೆದರೆ ರಸ್ತೆಗಿಂತ ಮನೆ ಒಂದೇ ಅಡಿ ಎತ್ತರದಲ್ಲಿ ಉಳಿಯುತ್ತದೆ. ಮುಂದೆ ರಸ್ತೆಗೆ ಎರಡು ಸಲ ಡಾಂಬರು ಬಿದ್ದರೆ ಮಳೆನೀರು ಹೊಸ್ತಿಲಿಗೆ ಬರುತ್ತದೆ.

ಮೇಷ್ಟ್ರ ಮನೆಗೆ ರಸ್ತೆಯೇ ಸೊನ್ನೆ. ಕೆಳಮನೆಯ ನೆಲ 2 ಅಡಿ, ಮೊದಲ ಮಹಡಿಯ ನೆಲ 12 ಅಡಿ 6 ಇಂಚು, ತಾರಸಿ 23 ಅಡಿ, ಪ್ಯಾರಾಪೆಟ್ ತಲೆ 26 ಅಡಿ. ಕೆಳಗಿನದನ್ನು ಮೇಲಿನದರಿಂದ ಕಳೆದು ಮೇಷ್ಟ್ರು "ಹತ್ತೂವರೆ ಅಡಿ ಎತ್ತರದ ಕೋಣೆ" ಎಂದರು. ಎಲ್ಲರೂ ಹಾಗೆಯೇ ಹೇಳುತ್ತಾರೆ, ಎಲ್ಲರೂ ಅಲ್ಲೇ ತಪ್ಪುತ್ತಾರೆ. ಹತ್ತೂವರೆ ಅಡಿ ಎನ್ನುವುದು ಈ ನೆಲದಿಂದ ಮೇಲಿನ ನೆಲಕ್ಕೆ. ಅದರಲ್ಲಿ ಸ್ಲ್ಯಾಬಿನ 5 ಇಂಚು, ಮೇಲಿನ ನೆಲಹಾಸಿನ 2 ಇಂಚು, ಚಾವಣಿಯ ಗಾರೆಯ ಅರ್ಧ ಇಂಚು ಹೋದರೆ ಕೋಣೆಯೊಳಗೆ ಸಿಗುವುದು 9 ಅಡಿ 10 ಇಂಚು ಚಿಲ್ಲರೆ. ಮಗ ಆಸೆಪಟ್ಟಂತೆ 8 ಇಂಚಿನ ಫಾಲ್ಸ್ ಸೀಲಿಂಗ್ ಹಾಕಿಸಿದರೆ 9 ಅಡಿ 2 ಇಂಚು. ಅವರು ತಂದಿದ್ದ ಚೀಟಿಯಲ್ಲಿ ಈಗಿನ ಹಳೆಯ ಮನೆಯ ಚಾವಣಿ 11 ಅಡಿ ಇತ್ತು. ಇಬ್ಬರೂ ಒಮ್ಮೆ ತಲೆ ಎತ್ತಿ ನನ್ನ ಕಚೇರಿಯ ಚಾವಣಿಯನ್ನು ನೋಡಿದರು. ಫಾಲ್ಸ್ ಸೀಲಿಂಗ್ ಮಾತು ಅಲ್ಲಿಗೆ ನಿಂತಿತು.

ಮೆಟ್ಟಿಲ ಕೆಳಗಿನ ಶೌಚಾಲಯ

ಸೆಕ್ಷನ್ ಒಳಗೆ ಒಬ್ಬ ಮನುಷ್ಯನನ್ನು ಬರೆಯಬೇಕು. ಪುಸ್ತಕದಿಂದ ತೆಗೆದ ಸರಾಸರಿ ಆಕೃತಿ ಬೇಡ, ಆ ಮನೆಯಲ್ಲಿ ಅತಿ ಎತ್ತರ ಇರುವವರದ್ದೇ ಬೇಕು. ಮೇಷ್ಟ್ರು 5 ಅಡಿ 8 ಇಂಚು ಎಂದು ಕೇಳಿಕೊಂಡು, 1:50ರ ಅಳತೆಗೆ ಸುಮಾರು ಮೂರೂವರೆ ಸೆಂಟಿಮೀಟರಿನ ಮನುಷ್ಯನನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಅವರ ಕೈಗೆ ಕೊಟ್ಟೆ. "ಇದು ನೀವು, ಮನೆಯೊಳಗೆ ಓಡಾಡಿ ಬನ್ನಿ" ಎಂದೆ.

ರಟ್ಟಿನ ಮೇಷ್ಟ್ರು ರಸ್ತೆಯಿಂದ ಹತ್ತಿ, ಹಜಾರ ದಾಟಿ, ಮೆಟ್ಟಿಲ ಲ್ಯಾಂಡಿಂಗ್ ಕೆಳಗಿನ ಶೌಚಾಲಯಕ್ಕೆ ಬಂದರು. ತಲೆ ಲ್ಯಾಂಡಿಂಗ್ ಸ್ಲ್ಯಾಬಿನ ಒಳಗೆ ಹೋಯಿತು. ಮೇಷ್ಟ್ರು ರಟ್ಟನ್ನು ಕೆಳಗೆ ಜಾರಿಸಿ ನೋಡಿದರು, ಕಾಲು ನೆಲದ ಒಳಗೆ ಹೋಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವರು ತಂದಿದ್ದ ಪ್ಲಾನ್‌ನಲ್ಲಿ ಅದು ನಾಲ್ಕು ಗೋಡೆ, ಒಂದು ಬಾಗಿಲು, ಒಂದು ಕಮೋಡ್ ಇರುವ ಒಪ್ಪವಾದ ಕೋಣೆ. ಆರು ತಿಂಗಳಿಂದ ಅದನ್ನು ನೋಡುತ್ತಿದ್ದರು. ಪ್ಲಾನ್ ಸುಳ್ಳು ಹೇಳಿರಲಿಲ್ಲ, ಎತ್ತರದ ಮಾತನ್ನು ಅದು ಹೇಳುವುದೇ ಇಲ್ಲ, ಅಷ್ಟೇ.

ಲೆಕ್ಕ ಹೀಗೆ. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 6 ಇಂಚು, ಅಂದರೆ 126 ಇಂಚು. 7 ಇಂಚಿನ ಮೆಟ್ಟಿಲಾದರೆ 18 ಏರು. ಅರ್ಧದಲ್ಲಿ ತಿರುಗುವ ಮೆಟ್ಟಿಲಾದ್ದರಿಂದ 9ನೇ ಏರಿಗೆ ಲ್ಯಾಂಡಿಂಗ್, ಎತ್ತರ 63 ಇಂಚು. ಸ್ಲ್ಯಾಬು, ಗಾರೆ ಸೇರಿ 6 ಇಂಚು ಕಳೆದರೆ ಕೆಳಗೆ ಉಳಿಯುವುದು 57 ಇಂಚು, ಅಂದರೆ 4 ಅಡಿ 9 ಇಂಚು. ಅಲ್ಲಿ ಪೊರಕೆ, ಗ್ಯಾಸ್ ಸಿಲಿಂಡರು ಇಡಬಹುದು, ಮನುಷ್ಯ ನಿಲ್ಲಲಾರ.

ತಿದ್ದಿದ್ದು ಸೆಕ್ಷನ್ ಮೇಲೆಯೇ. ಏರುಗಳನ್ನು ಒಂಬತ್ತು, ಒಂಬತ್ತು ಎಂದು ಹಂಚುವ ಬದಲು ಮೊದಲು ಹನ್ನೆರಡು, ತಿರುಗಿದ ಮೇಲೆ ಆರು ಮಾಡಿದೆವು. ಲ್ಯಾಂಡಿಂಗ್ 84 ಇಂಚಿಗೆ ಏರಿತು, ಕೆಳಗೆ ಆರೂವರೆ ಅಡಿ ಸಿಕ್ಕಿತು. ಶೌಚಾಲಯದ ನೆಲವನ್ನು 6 ಇಂಚು ತಗ್ಗಿಸಿದ್ದರಿಂದ ಒಳಗೆ ಏಳು ಅಡಿ ಆಯಿತು. ಬಾಗಿಲು ಮಾತ್ರ ಆರೂಕಾಲು ಅಡಿಗೆ ನಿಂತಿತು. ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು, ಅದನ್ನು ಮುಚ್ಚಿಡಬಾರದು. ಲ್ಯಾಂಡಿಂಗ್‌ವರೆಗೆ ಕಾಲಿಡುವ 10 ಇಂಚಿನ ತುಳಿಗಳು ಎಂಟರಿಂದ ಹನ್ನೊಂದಕ್ಕೆ ಏರಿದ್ದರಿಂದ ಮೆಟ್ಟಿಲು ಹಜಾರದೊಳಗೆ ಎರಡೂವರೆ ಅಡಿ ಮುಂದೆ ಬಂತು. ಸೋಫಾ ಇಡುವ ಜಾಗ ಬದಲಾಯಿತು. ನೆಲ ತಗ್ಗಿಸುವ ಮುನ್ನ ರಸ್ತೆಯ ಒಳಚರಂಡಿಯ ಚೇಂಬರ್ ಎಷ್ಟು ಆಳದಲ್ಲಿದೆ ಎಂದು ಅಳೆದು, ಕೊಳವೆಗೆ ಇಳಿಜಾರು ಸಿಗುತ್ತದೆಯೇ ಎಂದು ನೋಡಿಕೊಂಡೆವು. ಸಿಗದಿದ್ದರೆ ಶೌಚಾಲಯವನ್ನೇ ಅಲ್ಲಿಂದ ಎಬ್ಬಿಸಬೇಕಾಗುತ್ತಿತ್ತು.

ಕುಳಿತಾಗ ಏನು ಕಾಣುತ್ತದೆ

ರಟ್ಟಿನ ಮನುಷ್ಯ ನಿಂತವನಾದರೆ, ಕುಳಿತವನೂ ಒಬ್ಬ ಬೇಕು. ಕುರ್ಚಿಯ ಮೇಲೆ ಕುಳಿತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಸೆಕ್ಷನ್‌ನಲ್ಲಿ ಆ ಕಣ್ಣಿನಿಂದ ಕಿಟಕಿಯ ಕಟ್ಟೆಯ ಹೊರ ಅಂಚಿಗೆ ಅಡಿಕೋಲು ಇಟ್ಟು ಗೆರೆ ಎಳೆದು ಹೊರಗಿನವರೆಗೂ ಮುಂದುವರಿಸಿ. ಗೆರೆಯ ಮೇಲಿನದು ಕಾಣುತ್ತದೆ, ಕೆಳಗಿನದು ಕಾಣುವುದಿಲ್ಲ.

ಮೇಷ್ಟ್ರ ಪತ್ನಿಗೆ ಊಟದ ಮನೆಯಲ್ಲಿ ಕುಳಿತು ತರಕಾರಿ ಹೆಚ್ಚುವಾಗ ಹಿತ್ತಲಿನ ತುಳಸಿಕಟ್ಟೆ ಕಾಣಬೇಕಿತ್ತು. ಕಿಟಕಿ ಅದಕ್ಕೆ ನೇರವಾಗಿಯೇ ಇದೆ ಎಂದು ಪ್ಲಾನ್ ನೋಡಿ ನೆಮ್ಮದಿಯಿಂದಿದ್ದರು. ಕಿಟಕಿಯ ಕಟ್ಟೆ ರೂಢಿಯಂತೆ 3 ಅಡಿ. ಕಣ್ಣು ಅಂಚಿನಿಂದ 5 ಅಡಿ ಒಳಗೆ, ತುಳಸಿಕಟ್ಟೆ 4 ಅಡಿ ಹೊರಗೆ. ಗೆರೆ 5 ಅಡಿಗೆ ಒಂದು ಅಡಿಯಷ್ಟೇ ಇಳಿಯುತ್ತದೆ. ಮನೆಯ ನೆಲ ಹಿತ್ತಲಿಗಿಂತ 2 ಅಡಿ ಎತ್ತರದಲ್ಲಿದೆ ಎನ್ನುವುದನ್ನೂ ಸೇರಿಸಿದರೆ, ಗೆರೆ ತುಳಸಿಕಟ್ಟೆಯ ಬಳಿ ಹಿತ್ತಲಿನ ಮಣ್ಣಿನಿಂದ ನಾಲ್ಕು ಅಡಿಗೂ ಮೇಲೆ ಹಾದುಹೋಯಿತು. ಮೂರು ಅಡಿಯ ಕಟ್ಟೆ ಪೂರ್ತಿ ಮರೆ, ಗಿಡದ ತುದಿ ಮಾತ್ರ ಕಣ್ಣಿಗೆ. "ನಾನು ನೋಡಬೇಕೆಂದಿದ್ದು ದೀಪವನ್ನು" ಎಂದರು ಅವರು. ಕಿಟಕಿಯ ಕಟ್ಟೆಯನ್ನು 2 ಅಡಿಗೆ ಇಳಿಸಿ ಮತ್ತೆ ಗೆರೆ ಎಳೆದಾಗ ಅದು ಸುಮಾರು ಎರಡು ಅಡಿ ಐದು ಇಂಚಿಗೆ ಬಂತು, ಕಟ್ಟೆಯ ತಲೆಯೂ ಅಲ್ಲಿ ಇಡುವ ದೀಪವೂ ಕಂಡವು. ಗ್ರಿಲ್ಲಿನ ಖರ್ಚು ಸ್ವಲ್ಪ ಹೆಚ್ಚಾಯಿತು.

ಈಗ ಎಲಿವೇಷನ್

ಈ ಹಾಳೆಯನ್ನು ತೆಗೆದ ಕೂಡಲೇ ಮೇಷ್ಟ್ರ ಮುಖ ಬಾಡಿತು. "ಪೋರ್ಟಿಕೋ ಈಶಾನ್ಯಕ್ಕೆ ಇರಬೇಕಿತ್ತು. ಪ್ಲಾನ್‌ನಲ್ಲಿ ಬಲಕ್ಕೆ ಇದೆ, ಇಲ್ಲಿ ಎಡಕ್ಕೆ ಬಂದುಬಿಟ್ಟಿದೆಯಲ್ಲ!" ಉತ್ತರ ದಿಕ್ಕಿನ ಮನೆಗಳಲ್ಲಿ ಈ ಗಾಬರಿ ಸಾಮಾನ್ಯ. ಪ್ಲಾನ್‌ನಲ್ಲಿ ಉತ್ತರವನ್ನು ಹಾಳೆಯ ಮೇಲ್ಭಾಗಕ್ಕೆ ಇಟ್ಟು ಬರೆಯುತ್ತೇವೆ, ಆದ್ದರಿಂದ ರಸ್ತೆ ಮೇಲಿರುತ್ತದೆ, ಈಶಾನ್ಯ ಬಲ ಮೂಲೆಗೆ ಬರುತ್ತದೆ. ಎಲಿವೇಷನ್ ಮಾತ್ರ ರಸ್ತೆಯಲ್ಲಿ ನಿಂತು ಮನೆಯ ಕಡೆಗೆ, ಅಂದರೆ ದಕ್ಷಿಣಕ್ಕೆ ಮುಖ ಮಾಡಿ ನೋಡಿದ್ದು. ದಕ್ಷಿಣಕ್ಕೆ ಮುಖ ಮಾಡಿದವರಿಗೆ ಪೂರ್ವ ಎಡಗೈ ಕಡೆ. ಬಾಯಲ್ಲಿ ವಾದ ಮಾಡಬೇಡಿ. ಪ್ಲಾನ್ ಅನ್ನು ತಲೆಕೆಳಗಾಗಿ ತಿರುಗಿಸಿ, ರಸ್ತೆ ಅವರ ಹೊಟ್ಟೆಯ ಕಡೆಗೆ ಬರಲಿ. ಮನೆಯ ಮುಂದಿನ ಗೋಡೆಯ ಮೇಲೆ ಎಲಿವೇಷನ್ ಹಾಳೆಯನ್ನು ನೆಟ್ಟಗೆ ಹಿಡಿಯಿರಿ. ಪೋರ್ಟಿಕೋ ಪೋರ್ಟಿಕೋಕ್ಕೆ ಕೂಡುತ್ತದೆ. ಉತ್ತರದ ಎಲಿವೇಷನ್ ಎಂದರೆ ಉತ್ತರಕ್ಕೆ ಮುಖ ಮಾಡಿರುವ ಗೋಡೆ ಎನ್ನುವುದನ್ನೂ ಆಗಲೇ ಹೇಳಿಬಿಡಿ.

ಎರಡನೆಯ ತೊಡಕು ಚಪ್ಪಟೆತನ. ಐದು ಅಡಿ ಮುಂದೆ ಬಂದ ಪೋರ್ಟಿಕೋ, ಅದರ ಹಿಂದಿನ ಗೋಡೆ, ಇನ್ನೂ ಹಿಂದೆ ಮೆಟ್ಟಿಲಿನ ತಲೆಗೆ ತಾರಸಿಯಲ್ಲಿ ಕಟ್ಟುವ ಹೆಡ್‌ರೂಂ ಎಲ್ಲವೂ ಒಂದೇ ಗೋಡೆಗೆ ಅಂಟಿಸಿದಂತೆ ಕಾಣುತ್ತವೆ. ದೂರ ಇರುವುದು ಇಲ್ಲಿ ಚಿಕ್ಕದಾಗುವುದಿಲ್ಲ, ಯಾಕೆಂದರೆ ಎಲಿವೇಷನ್ ಎನ್ನುವುದು ಫೋಟೋ ಅಲ್ಲ, ಅಳತೆಯ ಚಿತ್ರ. ಇದಕ್ಕೂ ಪೆನ್ಸಿಲೇ ಮದ್ದು. ಪ್ಲಾನ್ ನೋಡಿಕೊಂಡು ಅತಿ ಮುಂದಿರುವುದಕ್ಕೆ ಗಾಢವಾಗಿ, ಹಿಂದಿನ ಗೋಡೆಗೆ ತಿಳಿಯಾಗಿ ಬಣ್ಣ ಹಚ್ಚಿಸಿ, ಅತಿ ಹಿಂದಿನದನ್ನು ಬಿಳಿ ಬಿಡಿಸಿ. ಐದು ನಿಮಿಷದಲ್ಲಿ ಚಿತ್ರಕ್ಕೆ ಆಳ ಬರುತ್ತದೆ.

ಹೆಡ್‌ರೂಂ ವಿಷಯದಲ್ಲಿ ಇದು ಬಹಳ ಮುಖ್ಯವಾಯಿತು. ಎಲಿವೇಷನ್‌ನಲ್ಲಿ ಅದು ಪ್ಯಾರಾಪೆಟ್ ಮೇಲೆ ಐದು ಅಡಿ ಎತ್ತರಕ್ಕೆ ಪೆಟ್ಟಿಗೆಯಂತೆ ಕುಳಿತಿತ್ತು. ಅದನ್ನು ಮುಚ್ಚಲು ಮುಂದೆ ಎತ್ತರದ ಅಲಂಕಾರದ ಗೋಡೆ ಬೇಕು ಎಂದು ಮೇಷ್ಟ್ರು ಹಠ ಹಿಡಿದರು. ಮತ್ತೆ ಸೆಕ್ಷನ್ ತೆಗೆದೆ. ರಸ್ತೆಯ ಆಚೆ ಬದಿಯಲ್ಲಿ ನಿಂತವರು ಮನೆಯಿಂದ 34 ಅಡಿ ದೂರದಲ್ಲಿರುತ್ತಾರೆ, ಕಣ್ಣು 5 ಅಡಿ ಎತ್ತರದಲ್ಲಿ. ಅಲ್ಲಿಂದ 26 ಅಡಿಯ ಪ್ಯಾರಾಪೆಟ್ ತಲೆಗೆ ಗೆರೆ ಎಳೆದು ಮುಂದುವರಿಸಿದರೆ, 12 ಅಡಿ ಹಿಂದಿರುವ ಹೆಡ್‌ರೂಂ ಬಳಿ ಅದು 33 ಅಡಿಗೂ ಮೇಲೆ ಹೋಗುತ್ತದೆ. ಹೆಡ್‌ರೂಮಿನ ತಲೆ 31 ಅಡಿಗೇ ಮುಗಿಯಿತು. ಎದುರು ಮನೆಯ ಗೇಟಿನಲ್ಲಿ ನಿಂತರೂ ಅದು ಕಾಣುವುದಿಲ್ಲ. ಅದರ ಮುಂದಿನ ಅಂಚಿಗೆ ನಾಲ್ಕು ಅಡಿಯ ನೀರಿನ ಟ್ಯಾಂಕ್ ಇಟ್ಟರೆ ಟ್ಯಾಂಕಿನ ತಲೆ ಇಣುಕುತ್ತದೆ, ಎಂಟು ಅಡಿ ಹಿಂದಕ್ಕೆ ಸರಿಸಿದರೆ ಅದೂ ಮರೆಯಾಗುತ್ತದೆ. ಬೀದಿಯ ತುದಿಯಿಂದ ಓರೆಯಾಗಿ ನೋಡಿದರೆ ಮಾತ್ರ ಎರಡೂ ಕಾಣುತ್ತವೆ, ಅದನ್ನೂ ಹೇಳಿದೆ. ಅಲಂಕಾರದ ಗೋಡೆಯನ್ನು ಕೈಬಿಟ್ಟರು.

ತ್ರೀಡಿ ಚಿತ್ರವನ್ನು ಇಷ್ಟೆಲ್ಲ ಆದ ಮೇಲೆ ತೋರಿಸುವುದು ನನ್ನ ಪದ್ಧತಿ. ಅದರಲ್ಲಿ ಕಣ್ಣು ಎಲ್ಲಿ ಬೇಕಾದರೂ ಇರಬಹುದು. ಎದುರು ಮನೆಗಳನ್ನು ಅಳಿಸಿ, ಅರವತ್ತು ಅಡಿ ಹಿಂದಕ್ಕೆ ಹೋಗಿ, ಹತ್ತು ಅಡಿ ಮೇಲೇರಿ ತೆಗೆದ ನೋಟವನ್ನು 30 ಅಡಿ ರಸ್ತೆಯಲ್ಲಿ ನಿಂತು ಯಾರೂ ನೋಡಲಾರರು. ಕೇಳಿದರೆ ಎರಡು ನೋಟ ಕೊಡುತ್ತೇನೆ, ಎರಡೂ ರಸ್ತೆಯಲ್ಲಿ ನಿಂತ ಮನುಷ್ಯನ ಕಣ್ಣಿನ ಮಟ್ಟದಿಂದ.

ಅವರು ನಮಗೆ ಹೇಳಲಿ

ಕೊನೆಯ ಹೆಜ್ಜೆಯಲ್ಲಿ ನಾನು ಮಾತಾಡುವುದಿಲ್ಲ. ಆ ದಿನ ಮೇಷ್ಟ್ರ ಮಗ ಸಂಜೆ ಬಂದ. "ನೀವೇ ಹೇಳಿಕೊಡಿ" ಎಂದು ಹಾಳೆಗಳನ್ನು ಮೇಷ್ಟ್ರ ಕಡೆಗೆ ಸರಿಸಿದೆ. ಮಡಚುವುದು, ನಿಲ್ಲಿಸುವುದು, ರಟ್ಟಿನ ಮನುಷ್ಯನನ್ನು ನಡೆಸುವುದು ಎಲ್ಲ ಸರಾಗವಾಗಿ ಆಯಿತು. ಮೊದಲ ಮಹಡಿಯ ಬಾಲ್ಕನಿಗೆ ಬಂದಾಗ ಮಾತ್ರ ತಡವರಿಸಿದರು. ಕೋಣೆಯ ನೆಲಕ್ಕಿಂತ ಬಾಲ್ಕನಿಯ ನೆಲ ಎರಡು ಇಂಚು ತಗ್ಗಿನಲ್ಲಿತ್ತು, ಮಳೆನೀರು ಒಳಗೆ ಬಾರದಿರಲೆಂದು. ನಾನು ಅದನ್ನು ಹೇಳಲು ಮರೆತಿದ್ದೆ. ಹೀಗೆ ತಡವರಿಸುವ ಜಾಗಗಳೇ ನಾವು ಸರಿಯಾಗಿ ವಿವರಿಸದ ಜಾಗಗಳು. ಗುರುತು ಹಾಕಿಕೊಂಡು ಅಲ್ಲಿಗಷ್ಟೇ ಮರಳಿ ಹೋದರಾಯಿತು.

ಆಮೇಲೆ ಸೆಕ್ಷನ್ ಹಾಳೆಯ ಅಂಚಿನಲ್ಲಿ ಒಪ್ಪಿಕೊಂಡ ಎತ್ತರಗಳನ್ನು ಅವರ ಕೈಯಿಂದಲೇ ಅಡಿ ಇಂಚಿನಲ್ಲಿ ಬರೆಸಿ: ರಸ್ತೆಯಿಂದ ನೆಲ, ನೆಲದಿಂದ ಚಾವಣಿಯ ಕೆಳಮೈ, ಕೋಣೆವಾರು ಕಿಟಕಿಯ ಕಟ್ಟೆ, ಲಿಂಟಲ್, ಲ್ಯಾಂಡಿಂಗ್ ಕೆಳಗಿನ ಎತ್ತರ, ಪ್ಯಾರಾಪೆಟ್. ದಿನಾಂಕ ಹಾಕಿ ಇಬ್ಬರೂ ಸಹಿ ಮಾಡಿ. ತಿದ್ದಿದ ನಕ್ಷೆ ಹೊಸದಾಗಿ ಬಂದ ದಿನ ಅದರ ಮೇಲೆ ಎಷ್ಟನೆಯ ತಿದ್ದುಪಡಿ ಎಂದು ದೊಡ್ಡದಾಗಿ ಬರೆದು, ಮೇಸ್ತ್ರಿಯ ಬಳಿ ಇರುವ ಹಳೆಯ ಪ್ರತಿಯನ್ನು ಕೇಳಿ ವಾಪಸು ಪಡೆದು ಹರಿದುಹಾಕಿ. ಮೇಷ್ಟ್ರ ಮನೆಯ ಹಳೆಯ ಪ್ಲಾನ್ ಒಂದು ಸಿಮೆಂಟ್ ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಇತ್ತು. ಅದರಲ್ಲಿ ಮೆಟ್ಟಿಲು ಇನ್ನೂ ಒಂಬತ್ತು, ಒಂಬತ್ತಾಗಿಯೇ ಇತ್ತು. ಮೆಟ್ಟಿಲಿಗೆ ಶೀಟು ಕಟ್ಟುವ ಹಿಂದಿನ ದಿನ ಅದನ್ನು ಕಿತ್ತು ತಂದವರು ಮೇಷ್ಟ್ರ ಪತ್ನಿ.